ಮಿರ್ಚಿ ಎಣ್ಣೆ ಬಿದ್ದ ಕೈ, ಉರಿಯದೆ ಉಳಿದ ಒಂದು ಜಾಗ

ಕಳೆದ ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ, ರಾಯಚೂರಿನ ನಮ್ಮ ಮನೆಯಲ್ಲಿ ಒಗ್ಗರಣೆ ಮಂಡಕ್ಕಿಯ ಜೊತೆಗೆಂದು ಮಿರ್ಚಿ ಕರಿಯುತ್ತಿದ್ದೆ. ತೊಳೆದ ಮೆಣಸಿನಕಾಯಿಗಳನ್ನು ಒರೆಸಿದ್ದೆನಾದರೂ ಸೀಳಿದ ಹೊಟ್ಟೆಯೊಳಗೆ ನೀರು ಉಳಿದಿರಬಹುದೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಕಾದ ಎಣ್ಣೆಗೆ ಬಿಟ್ಟ ಮೂರನೆಯ ಕಾಯಿ ಪಟ್ಟನೆ ಸಿಡಿಯಿತು. ಒಳಗಿದ್ದ ನೀರು ಒಮ್ಮೆಲೇ ಹಬೆಯಾಗಿ ಹಿಟ್ಟಿನ ಕವಚವನ್ನು ಒಡೆದು, ಬಾಣಲೆಯ ಎಣ್ಣೆಯನ್ನು ನನ್ನ ಎಡಗೈ ಮೇಲೆ ಎರಚಿತು. ಬೆರಳುಗಳ ಬುಡದಿಂದ ಮಣಿಕಟ್ಟಿನವರೆಗೆ ಅಂಗೈ ಹಿಂಭಾಗ ಪೂರ್ತಿ ತೊಯ್ದುಹೋಯಿತು. ಜೊತೆಗೆ, ನಾನು ತೊಟ್ಟಿದ್ದ ಚೂಡಿದಾರದ ಮುಕ್ಕಾಲು ತೋಳಿನ ಅಂಚು ಒಂದಿಷ್ಟು ಎಣ್ಣೆಯನ್ನು ಹೀರಿಕೊಂಡಿತು. ಆ ಕ್ಷಣದಲ್ಲಿ ನನಗೆ ಕಾಣಿಸಿದ್ದು ಕೈ ಮಾತ್ರ. ತೋಳಿನ ಅಂಚಿನ ಕಡೆ ನೋಡಲೇ ಇಲ್ಲ. ಮುಂದೆ ಒಂದು ತಿಂಗಳು ನನ್ನನ್ನು ಕಾಡಿದ್ದು ಆ ಅಂಚಿನ ಕೆಳಗಿದ್ದ, ಎರಡು ರೂಪಾಯಿ ನಾಣ್ಯದಷ್ಟು ಅಗಲದ ಜಾಗವೇ.

ಕುದಿಯುವ ನೀರಿನ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ. ಕರಿಯುವ ಎಣ್ಣೆ 170ರಿಂದ 180 ಡಿಗ್ರಿಯಲ್ಲಿರುತ್ತದೆ. ಮೇಲಾಗಿ ನೀರಿನಂತೆ ಅದು ಜಾರಿ ಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಬಟ್ಟೆ ಅದನ್ನು ಹೀರಿಕೊಂಡರಂತೂ ಕಾದ ಪಟ್ಟಿಯೊಂದನ್ನು ಮೈಗೆ ಕಟ್ಟಿದಂತೆಯೇ ಸರಿ. ಆದ್ದರಿಂದ ಒಲೆ ಆರಿಸಿದ ಮರುಕ್ಷಣ ಮಾಡಬೇಕಾದದ್ದು ಎಣ್ಣೆ ತಾಗಿದ ಬಟ್ಟೆಯನ್ನು ಮೈಯಿಂದ ಬಿಡಿಸುವುದು. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಎಳೆಯದೆ, ಅಂಟಿದ ಭಾಗವನ್ನು ಹಾಗೇ ಬಿಟ್ಟು ಸುತ್ತಲಿನದನ್ನು ಕತ್ತರಿಸಬೇಕು. ನನ್ನ ತೋಳು ಅಂಟಿರಲಿಲ್ಲ, ಮೇಲಕ್ಕೆ ಮಡಿಸಿದ್ದರೂ ಸಾಕಿತ್ತು. ಅದನ್ನು ನಾನು ಮಾಡಿದ್ದು ನಾಲ್ಕೈದು ನಿಮಿಷ ಕಳೆದ ಮೇಲೆ.

ಬಚ್ಚಲಿಗೆ ಓಡಿ ನಲ್ಲಿ ತಿರುಗಿಸಿ ಕೈಯೊಡ್ಡಿದೆ. ಉರಿ ಇಳಿಯುವ ಬದಲು ಏರಿತು. ಗಾಬರಿಯಲ್ಲಿ ಸುಟ್ಟ ಗಾಯವೆಂದರೆ ಹೀಗೇ ಇರಬೇಕೆಂದು ಅರ್ಧ ನಿಮಿಷ ಹಾಗೆಯೇ ಹಿಡಿದೆ. ಅಷ್ಟರಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಮಗಳು ಓಡಿಬಂದು ತನ್ನ ಬೆರಳನ್ನು ನೀರಿಗೆ ಒಡ್ಡಿ, "ಮಮ್ಮಿ, ನೀರು ಬಿಸಿ ಅದಾವು!" ಎಂದು ಕೂಗಿದಳು. ರಾಯಚೂರಿನ ಬೇಸಿಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಹಗಲೆಲ್ಲ ಕಾದ ನೀರು ಸಂಜೆ ಐದಕ್ಕೂ ಸ್ನಾನಕ್ಕೆ ತೋಡುವಷ್ಟು ಬಿಸಿಯಿರುತ್ತದೆ. ಸುಟ್ಟ ಕೈ ನೀರಿನ ಬಿಸಿಯನ್ನು ಅಳೆಯಲಾರದು. ಅದಕ್ಕೆ ಎಲ್ಲವೂ ಉರಿಯಾಗಿಯೇ ತೋರುತ್ತದೆ. ನೀರು ಸುರಿಯುವ ಮುನ್ನ ಸುಡದ ಕೈಯಿಂದ ಮುಟ್ಟಿ ನೋಡಬೇಕೆಂಬ ಈ ಒಂದು ಮಾತು ನಮ್ಮ ಕಡೆಯ ಪ್ರತಿ ಅಡುಗೆಮನೆಗೂ ತಲುಪಬೇಕೆಂದು ನನಗೆ ಅನ್ನಿಸುತ್ತದೆ. "ನಲ್ಲಿ ನೀರಿನ ಕೆಳಗೆ ಹಿಡಿಯಿರಿ" ಎಂಬ ಸಲಹೆ ತಂಪು ಊರಿನವರಿಗೆ ಸಾಕಾಗಬಹುದು. ಮಾರ್ಚಿನಿಂದ ಜೂನ್‌ವರೆಗಿನ ನಮ್ಮ ಊರಿಗೆ ಅದು ಸಾಲದು.

ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಇತ್ತು. ಮಗಳು ತಂಬಿಗೆಯಲ್ಲಿ ಅದರ ನೀರನ್ನು ಮೊಗೆದು ಮಣಿಕಟ್ಟಿನ ಮೇಲಿನಿಂದ ಬೆರಳುಗಳತ್ತ ಹರಿಯುವಂತೆ ಸಣ್ಣಗೆ ಸುರಿಯತೊಡಗಿದಳು. ಹರವಿ ಅರ್ಧವಾದಾಗ ನಮ್ಮ ಯಜಮಾನರು ಅಂಗಳದ ಸಂಪಿನ ಮುಚ್ಚಳ ತೆಗೆದು ಎರಡು ಬಕೆಟ್ ನೀರು ಸೇದಿ ತಂದರು. ನೆಲದೊಳಗಿನ ಆ ನೀರೂ ಸಾಕಷ್ಟು ತಣ್ಣಗಿತ್ತು. ಸುಮಾರು 15 ಡಿಗ್ರಿಯ ನೀರು ಎಲ್ಲಕ್ಕಿಂತ ಒಳ್ಳೆಯದು, 25 ಡಿಗ್ರಿಯವರೆಗಿನ ನೀರೂ ಕೆಲಸ ಮಾಡುತ್ತದೆ ಎಂದು ವೈದ್ಯರು ಆಮೇಲೆ ಹೇಳಿದರು. ಮಂಜುಗಡ್ಡೆ ಮಾತ್ರ ಬೇಡ. ಪಕ್ಕದ ಮನೆಯ ಅಕ್ಕ ಫ್ರಿಜ್ಜಿನಿಂದ ಐಸಿನ ತಟ್ಟೆಯನ್ನೇ ಹಿಡಿದು ಬಂದಿದ್ದರು. ಐಸು ತಾಗಿದಲ್ಲಿ ರಕ್ತನಾಳಗಳು ಕುಗ್ಗಿ, ಅದಾಗಲೇ ಬೆಂದು ಬಸವಳಿದ ಚರ್ಮಕ್ಕೆ ರಕ್ತ ತಲುಪುವುದು ಇನ್ನಷ್ಟು ಕಡಿಮೆಯಾಗುತ್ತದೆ, ಉಳಿಯಬಹುದಾಗಿದ್ದ ಚರ್ಮವೂ ಸಾಯುತ್ತದೆ.

ಎಷ್ಟು ಹೊತ್ತು ಸುರಿಯಬೇಕೆಂಬುದೂ ಅಷ್ಟೇ ಮುಖ್ಯ. ಹೆಚ್ಚಿನವರು ಎರಡು ಮೂರು ನಿಮಿಷಕ್ಕೇ ನಿಲ್ಲಿಸಿಬಿಡುತ್ತಾರೆ, ಏಕೆಂದರೆ ಅಷ್ಟರಲ್ಲಿ ಉರಿ ತಗ್ಗಿರುತ್ತದೆ. ಆದರೆ ಬೇಕಾದದ್ದು 20 ನಿಮಿಷ. ಎಣ್ಣೆ ತಾಗುವುದು ನಿಂತ ಮೇಲೂ ಒಳಪದರಗಳಲ್ಲಿ ಉಳಿದ ಕಾವು ಕೆಳಗಿಳಿಯುತ್ತಾ ಹೋಗುತ್ತದೆ, ಅದನ್ನು ಹೊರಗೆಳೆಯಲು ಅಷ್ಟು ಹೊತ್ತು ಬೇಕು. ತಕ್ಷಣ ಮಾಡಲಾಗದಿದ್ದವರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ. ಮಗಳು ಗೋಡೆ ಗಡಿಯಾರ ನೋಡಿಕೊಂಡೇ ಸುರಿದಳು. ಹತ್ತನೆಯ ನಿಮಿಷಕ್ಕೆ ನಾನೇ "ಸಾಕು ಬಿಡವ್ವ" ಎಂದೆ. ಅವಳು ಕೈ ನಿಲ್ಲಿಸಿದ ಕೂಡಲೇ ಉರಿ ಮತ್ತೆ ಬುಗ್ಗೆಂದು ಎದ್ದಿತು. ಮತ್ತೆ ಒಡ್ಡಿದೆ.

ನೀರು ಬೀಳುತ್ತಿರುವಾಗಲೇ ಎಡಗೈಯ ಹಸಿರು ಬಳೆಗಳನ್ನೂ ಉಂಗುರವನ್ನೂ ತೆಗೆಯಬೇಕಾಗಿತ್ತು. ಅತ್ತೆಗೆ ಇದು ಸರಿಬೀಳಲಿಲ್ಲ. "ಬರಿಗೈ ಮಾಡ್ಕೋಬ್ಯಾಡ" ಎಂದು ಅವರು ತಡೆದಾಗ, ಬಲಗೈಯ ಬಳೆಗಳು ಇದ್ದೇ ಇರುತ್ತವಲ್ಲ ಎಂದು ಯಜಮಾನರು ಸಮಾಧಾನ ಹೇಳಿದರು. ಸುಟ್ಟ ಕೈ ಒಂದು ಗಂಟೆಯೊಳಗೆ ಊದತೊಡಗುತ್ತದೆ. ಊದಿದ ಬೆರಳಿನಲ್ಲಿ ಸಿಕ್ಕಿಬಿದ್ದ ಉಂಗುರ ರಕ್ತ ಹರಿಯದಂತೆ ಬಿಗಿಯುತ್ತದೆ, ಆಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ನೀರಿನ ಜಾರಿಕೆಯಲ್ಲಿ ಉಂಗುರ ಸುಲಭವಾಗಿ ಬಂತು. ಬಳೆಗಳನ್ನು ಒಂದೊಂದಾಗಿ, ಸುಟ್ಟ ಜಾಗಕ್ಕೆ ಉಜ್ಜದಂತೆ ಅಂಗೈಯ ಕಡೆಗೆ ವಾಲಿಸಿ ತೆಗೆದದ್ದು ಮಾತ್ರ ನೋವಿನ ಕೆಲಸವಾಗಿತ್ತು. ರಾತ್ರಿ ಎಂಟರ ಹೊತ್ತಿಗೆ ಕೈ ಊದಿದ್ದನ್ನು ನೋಡಿ ಅತ್ತೆಯೇ, "ತೆಗ್ದಿದ್ದು ಚಲೋ ಆತು" ಎಂದರು.

ಅವರು ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯ ಬಟ್ಟಲನ್ನೂ ಸಿದ್ಧ ಮಾಡಿದ್ದರು. ಪಕ್ಕದ ಮನೆಯಿಂದ ಟೂತ್‌ಪೇಸ್ಟಿನ ಸಲಹೆಯೂ ಬಂತು. ಇವೆಲ್ಲವೂ ಪ್ರೀತಿಯಿಂದ ಬಂದವು, ಅತ್ತೆಯ ತಾಯಿಯ ಕಾಲದಿಂದ ಬಂದವು, ಬೇಡವೆನ್ನುವುದು ಸುಲಭವಾಗಿರಲಿಲ್ಲ. ಆದರೆ ಹಸಿ ಗಾಯದ ಮೇಲೆ ಎಣ್ಣೆ ಬಳಿದರೆ ಒಳಗಿನ ಕಾವು ಹೊರಬರಲು ದಾರಿಯಿರುವುದಿಲ್ಲ. ಪೇಸ್ಟು, ಹಿಟ್ಟು, ಶಾಯಿ ಇವು ಚರ್ಮವನ್ನು ಕೆರಳಿಸುತ್ತವೆ, ಒಣಗಿ ಅಂಟುತ್ತವೆ, ಸೋಂಕಿಗೂ ದಾರಿಯಾಗುತ್ತವೆ. ಅರಿಶಿನವಂತೂ ಗಾಯದ ನಿಜವಾದ ಬಣ್ಣವನ್ನೇ ಮರೆಮಾಡುತ್ತದೆ. ಸುಟ್ಟ ಗಾಯದಲ್ಲಿ ಬಣ್ಣವೇ ವೈದ್ಯರಿಗೆ ಸಿಗುವ ಮೊದಲ ಸುಳಿವು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅರಿಶಿನವನ್ನು ನಿರಾಕರಿಸಿದ ನಾನು ಅದೇ ತಪ್ಪನ್ನು ಇನ್ನೊಂದು ರೀತಿಯಲ್ಲಿ ಮಾಡಿದೆ.

ನೀರು ಸುರಿದಾದ ಮೇಲೆ ಕೈ ಹೀಗಿತ್ತು: ಹಿಂಭಾಗ ಕೆಂಪಗೆ, ಹಸಿಹಸಿಯಾಗಿ, ಮುಟ್ಟಿದರೆ ಜೀವ ಹೋಗುವಷ್ಟು ನೋವು, ಬೆರಳುಗಳ ಬುಡದಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ತೋಳಿನ ಅಂಚು ತಾಗಿದ್ದ ಕಡೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಚರ್ಮ ಬೆಳ್ಳಗೆ ಒಣಗಿದಂತಿತ್ತು. ಅಲ್ಲಿ ಗುಳ್ಳೆಯಿಲ್ಲ, ಉರಿಯೂ ಇಲ್ಲ. "ಇಲ್ಲಿ ಏನೂ ಆಗಿಲ್ಲ" ಎಂದು ನಾನೇ ಎಲ್ಲರಿಗೂ ತೋರಿಸಿದೆ. ಹೊಸ ಕಟ್ಟಿನಿಂದ ತೆಗೆದ ಒಂದು ಶುಭ್ರ ಪ್ಲಾಸ್ಟಿಕ್ ಚೀಲವನ್ನು ಕೈಗೆ ಸಡಿಲವಾಗಿ ಹಾಕಿಕೊಂಡೆ. ಮಗಳ ಶಾಲೆಯ ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಅದಿತ್ತು. ಪ್ಲಾಸ್ಟಿಕ್ ಗಾಯಕ್ಕೆ ಅಂಟುವುದಿಲ್ಲ, ಗಾಳಿ ತಾಗದಂತೆ ತಡೆಯುವುದರಿಂದ ಉರಿಯೂ ತಗ್ಗುತ್ತದೆ. ಹತ್ತಿಯನ್ನು ನೇರವಾಗಿ ಇಟ್ಟರೆ ಅದರ ಎಳೆಗಳು ಗಾಯಕ್ಕೆ ಮೆತ್ತಿಕೊಳ್ಳುತ್ತವೆ. "ನಡಿ, ದವಾಖಾನಿಗೆ ಹೋಗಿ ಬರೋಣು" ಎಂದು ಯಜಮಾನರು ಹೇಳಿದರೂ, ಭಾನುವಾರ ರಾತ್ರಿ ಯಾರನ್ನು ಹುಡುಕುವುದು, ಬೆಳಿಗ್ಗೆ ನೋಡೋಣವೆಂದು ನಾನು ಹಿಂದೇಟು ಹಾಕಿದೆ. ಅವರು ಔಷಧ ಅಂಗಡಿಗೆ ಹೋಗಿ ವಿಷಯ ಹೇಳಿದಾಗ ಅಲ್ಲಿದ್ದವರು ಬಿಳಿ ಮುಲಾಮಿನ ಒಂದು ಟ್ಯೂಬು ಕೊಟ್ಟರು. ರಾತ್ರಿ ಅದನ್ನು ದಪ್ಪಗೆ ಬಳಿದುಕೊಂಡು, ಪ್ಯಾರಸಿಟಮಾಲ್ ಮಾತ್ರೆ ನುಂಗಿ, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದೆ.

ಬೆಳಿಗ್ಗೆ ಎದ್ದಾಗ ಬೆರಳಿನ ಗೆಣ್ಣುಗಳ ಮೇಲೆ ಲಿಂಬೆಹಣ್ಣಿನ ಹೋಳಿನಷ್ಟು ದೊಡ್ಡ ಬೊಬ್ಬೆ ಬಿಗಿದು ನಿಂತಿತ್ತು, ಮುಷ್ಟಿ ಮಡಿಸಲು ಆಗುತ್ತಿರಲಿಲ್ಲ. ನಮ್ಮ ಬಡಾವಣೆಯ ದವಾಖಾನೆಯ ವೈದ್ಯೆ ಕೈ ನೋಡಿದ ಕೂಡಲೇ ಕೇಳಿದ್ದು, "ಏನು ಹಚ್ಚೀರಿ?" ಎಂದು. ಆ ಮುಲಾಮು ಕೆಟ್ಟದ್ದೆಂದು ಅವರು ಹೇಳಲಿಲ್ಲ. ಬೆಳ್ಳಿಯ ಅಂಶವಿರುವ ಸಿಲ್ವರ್ ಸಲ್ಫಡಯಾಜಿನ್ ಮುಲಾಮನ್ನು ವೈದ್ಯರೂ ಬರೆದುಕೊಡುವುದುಂಟು. ಆದರೆ ಅದು ಗಾಯದ ಮೇಲೆ ಬಿಳಿ ಪೊರೆಯಂತೆ ಕೂತು ಆಳವನ್ನು ಮರೆಮಾಡುತ್ತದೆ, ಮೇಲುಮೇಲಿನ ಗಾಯ ಮಾಯುವುದನ್ನು ನಿಧಾನಗೊಳಿಸಲೂಬಹುದು. ಸಲ್ಫಾ ಔಷಧಿಗಳ ಅಲರ್ಜಿ ಇರುವವರು, ತುಂಬು ಗರ್ಭಿಣಿಯರು, ಎಳೆಯ ಕೂಸುಗಳು ಇವರಿಗೆ ಅದನ್ನು ಬಳಸಲೇಬಾರದು. ಯಾರೂ ಗಾಯವನ್ನು ನೋಡುವ ಮೊದಲೇ ಬಳಿದದ್ದು ತಪ್ಪಾಗಿತ್ತು. ನರ್ಸಮ್ಮ ಸಲೈನಿನಲ್ಲಿ ತೋಯಿಸಿದ ಗಾಜ್ ತುಂಡುಗಳಿಂದ ಅದನ್ನೆಲ್ಲ ಒರೆಸಿ ತೆಗೆಯುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ವೈದ್ಯೆ ಮಾಡಿದ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೈಗವಸು ತೊಟ್ಟ ಬೆರಳ ತುದಿಯಿಂದ ಕೈ ಹಿಂಭಾಗದ ಕೆಂಪು ಜಾಗವನ್ನು ಮೆಲ್ಲಗೆ ಒತ್ತಿ ಬಿಟ್ಟರು. ಒತ್ತಿದಲ್ಲಿ ಬಿಳುಪಾಗಿ, ಬಿಟ್ಟೊಡನೆ ಒಂದೆರಡು ಕ್ಷಣದಲ್ಲಿ ಕೆಂಪು ಮರಳಿ ಬಂತು. "ರಕ್ತ ಓಡಾಡಕತ್ತೈತಿ, ಇದು ಮಾಯ್ತದ" ಎಂದರು. ನಂತರ ಅದೇ ಬೆರಳನ್ನು ಮೇಲಿನ ಬಿಳಿ ಜಾಗದ ಮೇಲಿಟ್ಟು ಒತ್ತಿದರು. ಅಲ್ಲಿ ಬಣ್ಣ ಬದಲಾಗಲಿಲ್ಲ. ಒತ್ತುವ ಮೊದಲೂ ಬಿಳಿ, ಬಿಟ್ಟ ಮೇಲೂ ಬಿಳಿ. ಸೂಜಿಯ ತುದಿಯನ್ನು ತಾಗಿಸಿ, "ಗೊತ್ತಾಗ್ತದೇನ್ರಿ?" ಎಂದು ಕೇಳಿದರು. ಏನೋ ತಾಗಿದಂತಿತ್ತು, ಚುಚ್ಚಿದಂತಿರಲಿಲ್ಲ. ಅವರ ಮುಖ ಗಂಭೀರವಾಯಿತು. ನಾನು ಏನೂ ಆಗಿಲ್ಲವೆಂದು ಎಲ್ಲರಿಗೂ ತೋರಿಸಿದ್ದ ಆ ಜಾಗವೇ ಎಲ್ಲಕ್ಕಿಂತ ಆಳವಾಗಿ ಬೆಂದಿತ್ತು. ಚರ್ಮದ ಮೇಲ್ಪದರ ಸುಟ್ಟರೆ ಅದರಡಿಯ ನರದ ತುದಿಗಳು ಬಯಲಾಗಿ ಗಾಳಿ ಸೋಕಿದರೂ ನೋಯುತ್ತದೆ. ಇನ್ನೂ ಆಳಕ್ಕೆ ಹೋದರೆ ಆ ನರದ ತುದಿಗಳೇ ಸುಟ್ಟಿರುತ್ತವೆ, ನೋವನ್ನು ಹೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಉರಿ ಕಡಿಮೆಯಿದೆ ಎಂದು ಸಮಾಧಾನಪಡುವ ನಮ್ಮ ಅಭ್ಯಾಸ ಸುಟ್ಟ ಗಾಯದ ವಿಷಯದಲ್ಲಿ ಹೀಗೆ ತಲೆಕೆಳಗಾಗುತ್ತದೆ. ಬಿಳಿ, ಕಂದು ಅಥವಾ ಕಪ್ಪಾಗಿ, ಚಕ್ಕಳದಂತೆ ಗಡುಸಾಗಿ, ನೋವಿಲ್ಲದೆ ಇರುವ ಜಾಗ ಎಷ್ಟೇ ಚಿಕ್ಕದಿರಲಿ, ಅದನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಗಾಯದ ಅಗಲವನ್ನು ಅವರು ನನ್ನದೇ ಬಲ ಅಂಗೈಯಿಂದ ಅಳೆದರು. ಬೆರಳುಗಳನ್ನು ಜೋಡಿಸಿದ ಅಂಗೈ ಅವರವರ ಮೈಯ ಚರ್ಮದ ಸುಮಾರು ಶೇಕಡಾ 1ರಷ್ಟಿರುತ್ತದೆ. ಮಗುವಿಗೆ ಮಗುವಿನ ಅಂಗೈಯೇ ಅಳತೆ. ನನ್ನದು ಅರ್ಧ ಅಂಗೈಗಿಂತ ತುಸು ಹೆಚ್ಚಿತ್ತು. ಅಷ್ಟು ಚಿಕ್ಕ ಗಾಯವನ್ನು ಮೈಯ ಬೇರೆಡೆಯಾಗಿದ್ದರೆ ಹಗುರವಾಗಿ ನೋಡಬಹುದಿತ್ತು. ಆದರೆ ಕೈ, ಪಾದ, ಮುಖ, ಗುಪ್ತಾಂಗ ಮತ್ತು ಕೀಲುಗಳ ಮೇಲಿನ ಸುಟ್ಟ ಗಾಯ ಎಷ್ಟೇ ಚಿಕ್ಕದಾದರೂ ಮನೆಮದ್ದಿಗೆ ಬಿಡುವಂಥದ್ದಲ್ಲ, ಏಕೆಂದರೆ ಅಲ್ಲಿ ಕಲೆ ಬಿಗಿದುಕೊಂಡರೆ ಬೆರಳು ಮಡಿಸುವುದೂ ರೆಪ್ಪೆ ಮುಚ್ಚುವುದೂ ಕಷ್ಟವಾಗುತ್ತದೆ. ಬೆರಳನ್ನೋ ಮಣಿಕಟ್ಟನ್ನೋ ಸುತ್ತಲೂ ಬಳೆಯಂತೆ ಆವರಿಸಿದ ಗಾಯ ಇನ್ನೂ ಅಪಾಯದ್ದು. ಊತ ಏರಿದಂತೆ ಅದೇ ಗಾಯ ರಕ್ತ ಹರಿಯದಂತೆ ಬಿಗಿಯುತ್ತದೆ. "ನಿನ್ನೆ ರಾತ್ರೀನೇ ಬರಬೇಕಿತ್ರಿ" ಎಂದು ಅವರು ಎರಡು ಸಲ ಹೇಳಿದರು.

ಡ್ರೆಸಿಂಗ್ ಹೇಗೆ ಮಾಡಿದರೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ಮನೆಯಲ್ಲಿ ಅದನ್ನು ಮಾಡಿಕೊಳ್ಳಬೇಕಾದವಳು ನಾನೇ. ಸಣ್ಣ ಗುಳ್ಳೆಗಳನ್ನು ಅವರು ಮುಟ್ಟಲಿಲ್ಲ. ಒಡೆಯದ ಗುಳ್ಳೆಯ ಚರ್ಮ ಕೆಳಗಿನ ಹಸಿ ಪದರಕ್ಕೆ ತಾನೇ ಹೊದಿಕೆಯಾಗಿರುತ್ತದೆ. ಗೆಣ್ಣಿನ ಮೇಲಿನ ದೊಡ್ಡದು ಬಿಗಿದು ಬೆರಳನ್ನು ಮಡಿಸಲು ಬಿಡದಿದ್ದ ಕಾರಣ ಅದನ್ನು ಮಾತ್ರ ಶುದ್ಧೀಕರಿಸಿದ ಉಪಕರಣದಿಂದ ತೆರೆದು ನೀರು ಹೊರಬಿಟ್ಟರು. ಮನೆಯಲ್ಲಿ ಸೂಜಿಯಿಂದ ಚುಚ್ಚುವ ಸಾಹಸ ಬೇಡವೆಂದು ಎಚ್ಚರಿಸಿದರು. ಗಾಯದ ಮೇಲೆ ಪ್ಯಾರಾಫಿನ್ ಗಾಜ್ ಇಟ್ಟರು. ಇದು ಮೇಣದಂಥ ಜಿಡ್ಡು ಸವರಿದ ಜಾಳುಜಾಳಾದ ಬಟ್ಟೆ. ಔಷಧ ಅಂಗಡಿಯಲ್ಲಿ ಚೌಕನೆಯ ಪೊಟ್ಟಣದಲ್ಲಿ ಸಿಗುತ್ತದೆ, ಗಾಯಕ್ಕೆ ಅಂಟುವುದಿಲ್ಲ. ಎರಡು ಪದರ ಅದು, ಅದರ ಮೇಲೆ ಒಸರುವ ನೀರನ್ನು ಹೀರಲು ದಪ್ಪ ಗಾಜ್ ಪ್ಯಾಡು, ಅದರ ಮೇಲೆ ಬಿಗಿಯಿಲ್ಲದೆ ಸುತ್ತಿದ ರೋಲರ್ ಬ್ಯಾಂಡೇಜು. ಬೆರಳುಗಳ ನಡುವೆ ಪ್ರತ್ಯೇಕವಾಗಿ ಗಾಜ್ ಇಟ್ಟರು, ಇಲ್ಲವಾದರೆ ಹಸಿ ಮೈಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಉಗುರುಗಳನ್ನು ಮುಚ್ಚದೆ ಬಿಟ್ಟರು; ಉಗುರು ನೀಲಿಯಾದರೆ, ಬೆರಳ ತುದಿ ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆ ಎಂದರ್ಥ. ಟೆಟನಸ್ ಚುಚ್ಚುಮದ್ದು ಕೊನೆಯ ಸಲ ಯಾವಾಗ ತೆಗೆದುಕೊಂಡಿದ್ದಿರಿ ಎಂದು ಕೇಳಿದಾಗ, ಮಗಳ ಬಸಿರಿನಲ್ಲಿ ಎಂಬುದಷ್ಟೇ ನನ್ನ ನೆನಪು. ಹದಿಮೂರು ವರ್ಷ ದಾಟಿದ್ದರಿಂದ ಮತ್ತೆ ಹಾಕಿದರು. ನೋವಿಗೆ 650 ಮಿಲಿಗ್ರಾಂನ ಪ್ಯಾರಸಿಟಮಾಲನ್ನು ಆರು ಗಂಟೆಗೊಂದರಂತೆ, ದಿನಕ್ಕೆ ನಾಲ್ಕನ್ನು ಮೀರದಂತೆ ಬರೆದರು. ಸೋಂಕಿನ ಲಕ್ಷಣವಿಲ್ಲದ್ದರಿಂದ ಆಂಟಿಬಯಾಟಿಕ್ ಮಾತ್ರೆ ಕೊಡಲಿಲ್ಲ. ಕೈಯನ್ನು ಎದೆಗಿಂತ ಎತ್ತರದಲ್ಲಿಡಲು, ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಬೆರಳುಗಳನ್ನು ಮಡಿಸಿ ಬಿಡಿಸಲು ಹೇಳಿದರು.

ನಾವು ಹೊರಬರುವಾಗ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಓಡಿಬಂದರು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಎದ್ದ ಹಬೆ ಪಕ್ಕದಲ್ಲಿ ನಿಂತಿದ್ದ ಮಗುವಿನ ಕೆನ್ನೆಗೂ ಕತ್ತಿಗೂ ಬಡಿದಿತ್ತು. ಹಬೆ ಕಣ್ಣಿಗೆ ಹಗುರವಾಗಿ ಕಾಣುತ್ತದೆ. ಆದರೆ ತಂಪು ಚರ್ಮಕ್ಕೆ ತಾಗಿ ನೀರಾಗುವಾಗ ತನ್ನಲ್ಲಿ ಅಡಗಿದ್ದ ಕಾವನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುವುದರಿಂದ, ಅಷ್ಟೇ ತೂಕದ ಕುದಿನೀರಿಗಿಂತ ಹೆಚ್ಚು ಸುಡುತ್ತದೆ. ವೈದ್ಯೆ ಮೊದಲು ಗಮನಿಸಿದ್ದು ಕೆನ್ನೆಯನ್ನಲ್ಲ, ಮಗುವಿನ ಅಳುವನ್ನು. ದನಿ ಒಡೆದಂತಿದೆಯೇ, ಕೆಮ್ಮಿದೆಯೇ, ಉಸಿರೆಳೆಯುವಾಗ ಸದ್ದು ಬರುತ್ತಿದೆಯೇ, ಬಾಯೊಳಗೆ ಕೆಂಪಾಗಿದೆಯೇ ಎಂದು ನೋಡಿದರು. ಹಬೆ ಒಳಗೆ ಹೋಗಿದ್ದರೆ ಗಂಟಲು ಗಂಟೆಗಳ ನಂತರವೂ ಊದಿ ಉಸಿರನ್ನು ಕಟ್ಟಬಹುದು. ಅಂಥಲ್ಲಿ ಕಾಯದೆ 108ಕ್ಕೆ ಕರೆ ಮಾಡಬೇಕು. ಈ ಮಗುವಿನ ಗಂಟಲು ಚೆನ್ನಾಗಿದ್ದರೂ ಮುಖದ ಗಾಯವೆಂಬ ಕಾರಣಕ್ಕೆ ರಿಮ್ಸ್ ಆಸ್ಪತ್ರೆಗೆ ಕಳುಹಿಸಿದರು. ಕಳುಹಿಸುವಾಗ ಆ ತಾಯಿಗೆ ಹೇಳಿದ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ: ಗಾಯಕ್ಕೆ ನೀರು ಸುರಿಯುವಾಗ ಮಗುವಿನ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿರಬೇಕು, ಮುಂದಿನ ಕೆಲವು ದಿನಗಳಲ್ಲಿ ಜ್ವರ, ಮೈಮೇಲೆ ಕೆಂಪು ದದ್ದು, ವಾಂತಿ ಭೇದಿ ಅಥವಾ ಮಂಕು ಕವಿದರೆ, ಗಾಯ ಎಷ್ಟೇ ಚೆನ್ನಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ತರಬೇಕು.

ನನ್ನ ಮೊದಲ ಕಟ್ಟನ್ನು 48 ಗಂಟೆಗಳ ನಂತರ ಬಿಚ್ಚಿದರು. ಸುಟ್ಟ ಗಾಯದ ಆಳ ಮೊದಲ ದಿನವೇ ಪೂರ್ತಿ ನಿರ್ಧಾರವಾಗಿರುವುದಿಲ್ಲ. ಅರೆಜೀವದಲ್ಲಿರುವ ಪದರ ಎರಡು ಮೂರು ದಿನಗಳಲ್ಲಿ ಉಳಿಯಬಹುದು, ಸಾಯಲೂಬಹುದು, ಆದ್ದರಿಂದಲೇ ಈ ಮರುಪರೀಕ್ಷೆ. ಕೈ ಹಿಂಭಾಗ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಿಳಿ ಜಾಗ ಬಿಳಿಯಾಗಿಯೇ ಇತ್ತು. ಅವರ ಚೀಟಿ ಹಿಡಿದು ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆವು. ಇಷ್ಟು ಚಿಕ್ಕ ಜಾಗ ಅಂಚುಗಳಿಂದ ಒಳಮುಖವಾಗಿ ಮುಚ್ಚಿಕೊಳ್ಳಲು ಸಾಧ್ಯವಿದೆ, ಮೂರು ವಾರ ನೋಡೋಣ, ಆಗಲೂ ಮುಚ್ಚುವ ಲಕ್ಷಣವಿಲ್ಲದಿದ್ದರೆ ತೊಡೆಯ ಚರ್ಮ ತೆಗೆದು ಹಾಕಬೇಕಾಗಬಹುದು ಎಂದು ಅವರು ಹೇಳಿದರು. ಮೂರು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ಗಾಯವೇ ದಪ್ಪ ಕಲೆಯಾಗಿ ಉಬ್ಬುವ ಸಂಭವ ಹೆಚ್ಚು ಎಂಬುದನ್ನೂ ಆಗಲೇ ತಿಳಿಸಿದರು.

ಅಲ್ಲಿಂದ ಮುಂದೆ ಮೂರು ದಿನಕ್ಕೊಮ್ಮೆ ಮನೆಯಲ್ಲಿಯೇ ಕಟ್ಟು ಬದಲಿಸಿದೆವು. ಕಾಯಿಸಿ ಆರಿಸಿದ ನೀರಿನಲ್ಲಿ ಕಟ್ಟನ್ನು ಹತ್ತು ನಿಮಿಷ ನೆನೆಸಿದ ಮೇಲೆಯೇ ಬಿಚ್ಚುತ್ತಿದ್ದೆವು. ಒಣಗಿದ್ದನ್ನು ಹಾಗೇ ಎಳೆದರೆ ಹೊಸದಾಗಿ ಬೆಳೆದ ತೆಳು ಚರ್ಮವೂ ಅದರೊಂದಿಗೆ ಕಿತ್ತುಬರುತ್ತದೆ. ಆರನೆಯ ದಿನ ಬಿಳಿ ಜಾಗದ ಮೇಲೆ ಹಳದಿ ಪದರ ಕಂಡು ಕೀವೆಂದು ಎಲ್ಲರೂ ಹೆದರಿದೆವು. ಫೋನಿನಲ್ಲಿ ವೈದ್ಯೆ ಕೇಳಿದ ಪ್ರಶ್ನೆಗಳು ನಮಗೆ ನೋಡುವುದನ್ನು ಕಲಿಸಿದವು. ಜ್ವರ ಇದೆಯೇ? ಇಳಿಯುತ್ತಿದ್ದ ನೋವು ಮತ್ತೆ ಏರಿದೆಯೇ? ಕೊಳೆತ ವಾಸನೆ ಇದೆಯೇ? ಗಾಯದ ಅಂಚಿನಾಚೆ ಕೆಂಪು ಹರಡಿದೆಯೇ, ಮೊಣಕೈ ಕಡೆಗೆ ಕೆಂಪು ಗೆರೆ ಎದ್ದಿದೆಯೇ? ಇವುಗಳಲ್ಲಿ ಯಾವುದಿದ್ದರೂ ಅಂದೇ ಬರಬೇಕಿತ್ತು. ಯಾವುದೂ ಇರಲಿಲ್ಲ. ಹಳದಿ ಪದರ ಸತ್ತ ಚರ್ಮ ಬಿಟ್ಟುಕೊಡುವ ರೀತಿಯಷ್ಟೇ ಆಗಿತ್ತು. ಕೆಂಪು ಹರಡುತ್ತಿದೆಯೋ ಇಲ್ಲವೋ ಎಂಬ ಅನುಮಾನ ನೀಗಲು ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆಯಲು ಹೇಳಿದರು. ಮಗಳು ಗೆರೆ ಎಳೆದು ಪಕ್ಕದಲ್ಲಿ ಸಮಯವನ್ನೂ ಬರೆದಳು. ಮರುದಿನ ಕೆಂಪು ಆ ಗೆರೆಯೊಳಗೇ ಇತ್ತು. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಇದೇ ಗಾಯ ಅವರಿಗಾಗಿದ್ದರೆ ಇಷ್ಟು ನಿಧಾನವಾಗಿ ನೋಡುತ್ತ ಕೂರಲು ಬಿಡುತ್ತಿರಲಿಲ್ಲ, ಮೊದಲ ದಿನದಿಂದಲೇ ಆಸ್ಪತ್ರೆಯ ನಿಗಾದಲ್ಲಿ ಇಡುತ್ತಿದ್ದೆ ಎಂದು ವೈದ್ಯೆ ಹೇಳಿದರು.

ಕೈ ಹಿಂಭಾಗ ಹನ್ನೆರಡನೆಯ ದಿನಕ್ಕೆ ಪೂರ್ತಿ ಮುಚ್ಚಿತು. ಬಿಳಿ ಜಾಗ ಅಂಚುಗಳಿಂದ ದಿನದಿನಕ್ಕೆ ಕಿರಿದಾಗುತ್ತ, 21ನೆಯ ದಿನ ಹೆಸರುಕಾಳಿನಷ್ಟಾಗಿ, 26ನೆಯ ದಿನ ಮುಚ್ಚಿಕೊಂಡಿತು; ಚರ್ಮ ಕಸಿ ಬೇಕಾಗಲಿಲ್ಲ. ಆದರೆ ಅಲ್ಲಿ ಹೊಸ ಚರ್ಮ ಕೆಂಪಗೆ, ಸ್ವಲ್ಪ ಉಬ್ಬಿ, ರಾತ್ರಿ ಹೊತ್ತು ವಿಪರೀತ ತುರಿಸುತ್ತಿತ್ತು. ಸರ್ಜನ್ ಸಿಲಿಕೋನ್ ಜೆಲ್ ಬರೆದುಕೊಟ್ಟು ದಿನಕ್ಕೆರಡು ಸಲ ತೆಳ್ಳಗೆ ಹಚ್ಚಲು, ಹೊರಗೆ ಹೋಗುವಾಗ ಬಿಸಿಲು ತಾಗದಂತೆ ತೋಳು ಮುಚ್ಚಿಕೊಳ್ಳಲು ಹೇಳಿದರು. ರಾಯಚೂರಿನ ಬಿಸಿಲಿಗೆ ಹೊಸ ಚರ್ಮ ಬೇಗ ಕಪ್ಪಾಗಿ ಹಾಗೆಯೇ ಉಳಿದುಬಿಡುತ್ತದೆ. ಚರ್ಮ ಒಣಗಿ ತುರಿಸದಂತೆ ನಡುನಡುವೆ ಏನಾದರೂ ಜಿಡ್ಡು ಹಚ್ಚಿ ಬೆರಳಿನಿಂದ ಒತ್ತಿ ತೀಡಬೇಕಾಗಿತ್ತು. ಕೊಬ್ಬರಿ ಎಣ್ಣೆ ನಡೆಯುತ್ತದೆಯೇ ಎಂದು ಕೇಳಿದೆ. ಚರ್ಮ ಪೂರ್ತಿ ಮುಚ್ಚಿದ ಮೇಲೆ ಧಾರಾಳವಾಗಿ ಹಚ್ಚಬಹುದು ಎಂದರು. ಮನೆಗೆ ಬಂದು ಹೇಳಿದಾಗ ಅತ್ತೆ ತಾವೇ ಬಟ್ಟಲು ತಂದು, ಅರಿಶಿನ ಹಾಕದೆ, ನನ್ನ ತೋಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ತೀಡತೊಡಗಿದರು. ಅವರ ಹೆಬ್ಬೆರಳು ಆ ಜಾಗದ ಮೇಲೆ ಹಾದುಹೋದಾಗ ಸಣ್ಣಗೆ ನೋವಾಯಿತು.